ತಲೆಗೆ ಪೆಟ್ಟು ಬಿದ್ದ ಮೇಲಿನ ಸಿಟಿ ರಿಪೋರ್ಟ್: ರಕ್ತ ಯಾವ ಪೊರೆಯ ಕೆಳಗೆ ನಿಂತಿದೆ ಎಂದು ಓದುವುದು ಹೇಗೆ?

"ನಮ್ಮ ಹುಡುಗನಿಗೆ ಇಡಿಎಚ್ ಅಂತ ಬರೆದಿದ್ದಾರೆ. ಪಕ್ಕದ ಬೆಡ್‌ನವರಿಗೆ ಎಸ್‌ಡಿಎಚ್ ಅಂತೆ. ಎರಡೂ ತಲೆಯೊಳಗಿನ ರಕ್ತವೇ ಅಲ್ವಾ? ಒಬ್ಬರಿಗೆ ರಾತ್ರೋರಾತ್ರಿ ಆಪರೇಷನ್ ಮಾಡಿದರು, ಇನ್ನೊಬ್ಬರನ್ನು ನೋಡುತ್ತಾ ಇಟ್ಟುಕೊಂಡಿದ್ದಾರೆ. ಯಾಕೆ?"

ಈ ಪ್ರಶ್ನೆ ನನಗೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಮನೆಯವರೂ ಕೇಳುತ್ತಾರೆ, ನರ್ಸಿಂಗ್ ಮತ್ತು ಎಂಬಿಬಿಎಸ್ ಓದುವ ಮಕ್ಕಳೂ ಕೇಳುತ್ತಾರೆ. ಉತ್ತರದ ಬೇರು ಒಂದೇ ಕಡೆ ಇದೆ. ಮಿದುಳನ್ನು ಸುತ್ತಿದ ಪೊರೆಗಳು ಎಲ್ಲಿ ಗಟ್ಟಿಯಾಗಿ ಅಂಟಿಕೊಂಡಿವೆ, ಎಲ್ಲಿ ಸಡಿಲವಾಗಿವೆ ಅನ್ನುವುದು ತಿಳಿದರೆ ಸಾಕು. ರಕ್ತದ ಆಕಾರ, ಅದು ಹರಡುವ ದಾರಿ, ವೈದ್ಯರ ಅವಸರ, ಎಲ್ಲವೂ ಅಲ್ಲಿಂದಲೇ ಅರ್ಥವಾಗುತ್ತಾ ಹೋಗುತ್ತವೆ.

ಓದುವ ಮೊದಲು ಇಷ್ಟು ನೋಡಿ

ಪೆಟ್ಟು ಬಿದ್ದವರು ಈಗ ನಿಮ್ಮ ಎದುರಿಗಿದ್ದಾರಾ? ಅವರು ಮಂಪರಾಗುತ್ತಿದ್ದರೆ, ಮತ್ತೆ ಮತ್ತೆ ವಾಂತಿ ಮಾಡುತ್ತಿದ್ದರೆ, ತಲೆನೋವು ಏರುತ್ತಾ ಇದ್ದರೆ, ಮಾತು ತೊದಲಿದರೆ, ಒಂದು ಕೈ ಅಥವಾ ಕಾಲು ಸೋತರೆ, ಫಿಟ್ಸ್ ಬಂದರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡರೆ, ಈ ಲೇಖನ ಬದಿಗಿಡಿ. ಕರ್ನಾಟಕದಲ್ಲಿದ್ದರೆ 108ಕ್ಕೆ ಫೋನ್ ಮಾಡಿ. ಸಿಟಿ ಸ್ಕ್ಯಾನ್ ಇರುವ, ಸಾಧ್ಯವಾದರೆ ನ್ಯೂರೋಸರ್ಜನ್ ಕೂಡ ಇರುವ ಆಸ್ಪತ್ರೆಗೆ ಹೊರಡಿ. ಮಂಪರಿನಲ್ಲಿರುವವರಿಗೆ ಊಟ, ನೀರು, ಕಾಫಿ ಕೊಡಬೇಡಿ. ಉಸಿರುನಾಳಕ್ಕೆ ಹೋಗಬಹುದು, ಆಪರೇಷನ್ ಬೇಕಾದರೆ ಅರಿವಳಿಕೆ ಕೊಡುವುದೂ ಕಷ್ಟವಾಗುತ್ತದೆ.

ಏನೇನು ಕೈಯಲ್ಲಿರಬೇಕು?

ಸಿಟಿ ರಿಪೋರ್ಟ್ ಬೇಕು. ಫಿಲ್ಮ್ ಅಥವಾ ಸಿಡಿ ಇದ್ದರೆ ಇನ್ನೂ ಒಳ್ಳೆಯದು. ಒಂದು ಚೀಟಿಯಲ್ಲಿ ಮೂರು ವಿಷಯ ಬರೆದಿಟ್ಟುಕೊಳ್ಳಿ: ಪೆಟ್ಟು ಬಿದ್ದ ಗಂಟೆ, ಸಿಟಿ ತೆಗೆದ ಗಂಟೆ, ರೋಗಿ ದಿನಾ ತೆಗೆದುಕೊಳ್ಳುವ ಮಾತ್ರೆಗಳು. ಹೃದಯಕ್ಕೆ, ಸ್ಟೆಂಟ್‌ಗೆ, ಲಕ್ವಕ್ಕೆ ಅಂತ ಕೊಟ್ಟಿರುವ ರಕ್ತ ತೆಳುವಾಗಿಸುವ ಮಾತ್ರೆಗಳ ಹೆಸರು ಬಿಡಲೇಬೇಡಿ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಈ ಗುಂಪಿನವು. ಪೆಟ್ಟಿನ ಗಂಟೆಯನ್ನು ಮನೆಯವರು ಅಂದಾಜಿನಲ್ಲಿ ಹೇಳಿಬಿಡುತ್ತಾರೆ. ಆದರೆ ಅರ್ಧ ಗಂಟೆಗೆ ತೆಗೆದ ಸ್ಕ್ಯಾನ್ ಮತ್ತು ಐದು ಗಂಟೆಗೆ ತೆಗೆದ ಸ್ಕ್ಯಾನ್ ಒಂದೇ ಅರ್ಥ ಕೊಡುವುದಿಲ್ಲ.

ಹಂತ 1: ಪದರಗಳನ್ನು ಹೊರಗಿನಿಂದ ಒಳಕ್ಕೆ ಎಣಿಸಿ

ತಲೆಬುರುಡೆಯ ಒಳಗೆ, ಮಿದುಳಿಗೆ ಮುಂಚೆ, ಮೂರು ಪೊರೆಗಳಿವೆ. ಮೂರಕ್ಕೂ ಸೇರಿಸಿ ಮೆನಿಂಜಸ್ ಅನ್ನುತ್ತಾರೆ.

ಹೊರಗಿನದು ಡ್ಯೂರಾ. ದಪ್ಪ, ಗಟ್ಟಿ, ಚಕ್ಕಳದ ಹಾಗೆ. ನಡುವಿನದು ಅರಾಕ್ನಾಯ್ಡ್, ಜೇಡರ ಬಲೆಯಷ್ಟು ತೆಳು. ಒಳಗಿನದು ಪಯಾ. ಇದು ಮಿದುಳಿನ ಮೈಗೇ ಅಂಟಿಕೊಂಡು ಅದರ ಪ್ರತಿ ಮಡಿಕೆಯೊಳಕ್ಕೂ ಇಳಿಯುತ್ತದೆ. ಅರಾಕ್ನಾಯ್ಡ್ ಮತ್ತು ಪಯಾ ನಡುವೆ ನಿಜವಾದ ಜಾಗ ಇದೆ, ಅಲ್ಲಿ ಮಿದುಳಿನ ನೀರು ಸದಾ ಹರಿಯುತ್ತಿರುತ್ತದೆ. ವೈದ್ಯರು ಅದಕ್ಕೆ ಸಿಎಸ್‌ಎಫ್ ಅನ್ನುತ್ತಾರೆ.

ಈಗ ಡ್ಯೂರಾವನ್ನು ಇನ್ನೊಂದು ಸಲ ನೋಡಿ. ಅದು ಒಂದು ಪೊರೆಯ ಹಾಗೆ ಕಂಡರೂ ಎರಡು ಪದರ ಒತ್ತಿಕೊಂಡು ಆಗಿರುವುದು. ಹೊರ ಪದರ ತಲೆಬುರುಡೆಯ ಒಳಮೈಗೆ ಮೆತ್ತಿಕೊಂಡಿದೆ. ಬುರುಡೆಯ ಮೂಳೆಗಳು ಒಂದಕ್ಕೊಂದು ಕೂಡುವ ಗೆರೆಗಳಿವೆಯಲ್ಲ, ಅವಕ್ಕೆ ಸೂಚರ್ ಎಂದು ಹೆಸರು, ಅಂದರೆ ಹೊಲಿಗೆ. ಆ ಗೆರೆಗಳಲ್ಲಿ ಹೊರ ಪದರ ಮೂಳೆಯ ಸಂದಿನೊಳಕ್ಕೇ ಹೋಗಿ ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಕೌದಿಯನ್ನು ನೆನೆಸಿಕೊಳ್ಳಿ. ಎರಡು ಹೊಲಿಗೆಗಳ ನಡುವೆ ಬಟ್ಟೆಯನ್ನು ಎಳೆದು ಉಬ್ಬಿಸಬಹುದು. ಹೊಲಿಗೆ ಬಂದ ಕಡೆ ಉಬ್ಬು ನಿಂತುಬಿಡುತ್ತದೆ. ಈ ಒಂದು ಚಿತ್ರ ಮನಸ್ಸಿನಲ್ಲಿ ಇರಲಿ, ಮುಂದೆ ಬೇಕು.

ಒಳ ಪದರ ಕೆಲವು ಕಡೆ ಹೊರ ಪದರವನ್ನು ಬಿಟ್ಟು ಒಳಕ್ಕೆ ಮಡಿಚಿಕೊಳ್ಳುತ್ತದೆ. ಮಿದುಳಿನ ಎಡ ಬಲ ಭಾಗಗಳ ನಡುವೆ ಕುಡುಗೋಲಿನ ಆಕಾರದಲ್ಲಿ ಇಳಿಯುವ ಮಡಿಕೆಗೆ ಫಾಲ್ಕ್ಸ್ ಎನ್ನುತ್ತಾರೆ. ಹಿಂದಲೆಯಲ್ಲಿ ಚಿಕ್ಕ ಮಿದುಳಿನ ಮೇಲೆ ಗುಡಾರದ ಹಾಗೆ ಹರಡಿರುವುದು ಟೆಂಟೋರಿಯಂ. ಹೀಗೆ ಪದರಗಳು ಬೇರೆಯಾಗುವ ಅಂಚಿನಲ್ಲಿ, ಲಂಗಕ್ಕೆ ಲಾಡಿ ತೂರಿಸಲು ಬಿಟ್ಟ ಪಟ್ಟಿಯ ಹಾಗೆ, ಒಂದು ಕೊಳವೆ ಉಳಿಯುತ್ತದೆ. ಅದರೊಳಗೆ ಮಿದುಳಿನ ಅಶುದ್ಧ ರಕ್ತ ಹರಿಯುತ್ತದೆ. ಇವೇ ಡ್ಯೂರಲ್ ವೀನಸ್ ಸೈನಸ್‌ಗಳು.

ಎಲ್ಲದರ ಹೆಸರು ಬೇಡ, ಒಂದು ದಾರಿ ನೆನಪಿಟ್ಟರೆ ಸಾಕು. ಫಾಲ್ಕ್ಸ್‌ನ ಮೇಲಂಚಿನಲ್ಲಿ ಹಣೆಯಿಂದ ಹಿಂದಲೆಗೆ ಹೋಗುವುದು ಸುಪೀರಿಯರ್ ಸಜೈಟಲ್ ಸೈನಸ್. ಹಿಂದಲೆ ಮುಟ್ಟಿದ ಮೇಲೆ ದಾರಿ ಎಡಕ್ಕೂ ಬಲಕ್ಕೂ ಒಡೆಯುತ್ತದೆ. ಟೆಂಟೋರಿಯಂನ ಅಂಚಿನಲ್ಲಿ ಅಡ್ಡಕ್ಕೆ ಸಾಗುವ ಈ ಎರಡು ಟ್ರಾನ್ಸ್‌ವರ್ಸ್ ಸೈನಸ್‌ಗಳು ಕಿವಿಯ ಹಿಂದೆ ಬಾಗಿ ಸಿಗ್ಮಾಯ್ಡ್ ಆಗುತ್ತವೆ, ಅಲ್ಲಿಂದ ಕತ್ತಿನ ದೊಡ್ಡ ರಕ್ತನಾಳಕ್ಕೆ ಸೇರುತ್ತವೆ.

*ಇಲ್ಲಿ ಎಡವುವುದು:* ರಿಪೋರ್ಟ್‌ನಲ್ಲಿ ಸೈನಸ್ ಎಂಬ ಪದ ಎರಡು ಅರ್ಥದಲ್ಲಿ ಬರುತ್ತದೆ. ಮ್ಯಾಕ್ಸಿಲರಿ, ಫ್ರಂಟಲ್, ಸ್ಫೀನಾಯ್ಡ್ ಸೈನಸ್ ಎಂದಿದ್ದರೆ ಅದು ಮುಖದ ಮೂಳೆಗಳೊಳಗಿನ ಗಾಳಿಗೂಡು, ಶೀತವಾದಾಗ ಕಟ್ಟಿಕೊಳ್ಳುತ್ತದಲ್ಲ, ಅದೇ. ಸಜೈಟಲ್, ಟ್ರಾನ್ಸ್‌ವರ್ಸ್, ಸಿಗ್ಮಾಯ್ಡ್ ಎಂದಿದ್ದರೆ ರಕ್ತದ ಕೊಳವೆ. "ನಮ್ಮಪ್ಪನಿಗೆ ಮೊದಲಿನಿಂದಲೂ ಸೈನಸ್ ಇತ್ತು" ಎಂದು ಎರಡನೆಯದನ್ನು ತಳ್ಳಿಹಾಕಬೇಡಿ.

ಹಂತ 2: ಫಿಲ್ಮ್ ಹಿಡಿಯುವುದನ್ನು ಸರಿ ಮಾಡಿಕೊಳ್ಳಿ

ಸಿಟಿ ಚಿತ್ರವನ್ನು ಮಲಗಿರುವ ರೋಗಿಯ ಪಾದದ ಕಡೆಯಿಂದ ನೋಡಿದ ಹಾಗೆ ತೋರಿಸುತ್ತಾರೆ. ಹಾಗಾಗಿ ಚಿತ್ರದ ಎಡಗಡೆ ಕಾಣುವುದು ರೋಗಿಯ ಬಲಗಡೆ. ಫಿಲ್ಮ್ ಮೇಲಿನ R, L ಗುರುತನ್ನು ಮೊದಲು ನೋಡಿ.

ಬಣ್ಣದ ಲೆಕ್ಕ ಸುಲಭ. ಮೂಳೆ ಅಚ್ಚ ಬಿಳಿ. ಗಾಳಿ ಕಡುಗಪ್ಪು. ಮಿದುಳಿನ ನೀರು ಕಪ್ಪಿಗೆ ಹತ್ತಿರ. ಮಿದುಳು ಬೂದು. ಹೆಪ್ಪುಗಟ್ಟಿದ ಹೊಸ ರಕ್ತ ಮಿದುಳಿಗಿಂತ ಬಿಳಿ, ಮೂಳೆಗಿಂತ ಮಂಕು. ರಿಪೋರ್ಟ್‌ನಲ್ಲಿ ಹೈಪರ್‌ಡೆನ್ಸ್ ಎಂದಿದ್ದರೆ ಮಿದುಳಿಗಿಂತ ಬಿಳಿ, ಹೈಪೋಡೆನ್ಸ್ ಎಂದರೆ ಕಪ್ಪು, ಐಸೋಡೆನ್ಸ್ ಎಂದರೆ ಮಿದುಳಿನದೇ ಬಣ್ಣ.

ಮೂಳೆಯೂ ರಕ್ತವೂ ಬಿಳಿ ಆದ್ದರಿಂದ ಬುರುಡೆಗೆ ಅಂಟಿ ನಿಂತ ತೆಳುವಾದ ರಕ್ತ ಮಾಮೂಲಿ ಚಿತ್ರದಲ್ಲಿ ಮೂಳೆಯೊಳಗೇ ಕರಗಿ ಹೋಗುತ್ತದೆ. ಅದಕ್ಕೇ ರೇಡಿಯಾಲಜಿಸ್ಟ್ ಕಂಪ್ಯೂಟರ್‌ನಲ್ಲಿ ಬೆಳಕನ್ನು ಬದಲಾಯಿಸಿ ಬೇರೆ ಬೇರೆ ವಿಂಡೋದಲ್ಲಿ ನೋಡುತ್ತಾರೆ. ಮೂಳೆಗೆ ಒಂದು, ಮಿದುಳಿಗೆ ಒಂದು, ಈ ತೆಳು ರಕ್ತಕ್ಕೆ ಅಂತಲೇ ಒಂದು. ಫೋನಿನಲ್ಲಿ ಫಿಲ್ಮ್‌ನ ಫೋಟೋ ತೆಗೆದು ಪರಿಚಯದ ವೈದ್ಯರಿಗೆ ಕಳಿಸಿದರೆ ಅವರು ಇದನ್ನು ಮಾಡಲಾಗುವುದಿಲ್ಲ. ಎರಡನೇ ಅಭಿಪ್ರಾಯ ಬೇಕಿದ್ದರೆ ಸಿಡಿಯನ್ನೇ ಕೊಡಿ.

ಹೆಮಟೋಮಾ ಎಂಬ ಪದ ಕಂಡು ಹೆದರುವವರಿದ್ದಾರೆ. ಅದು ಒಂದು ಕಡೆ ನಿಂತು ಹೆಪ್ಪಾದ ರಕ್ತ ಅಷ್ಟೇ. ಯಾರಾದರೂ "ತಲೇಲಿ ಗಡ್ಡೆ" ಎಂದರೆ ಟ್ಯೂಮರ್ ಎಂದುಕೊಳ್ಳಬೇಡಿ.

ಹಂತ 3: ಆಕಾರ ನೋಡಿ, ಎರಡು ಪ್ರಶ್ನೆ ಕೇಳಿ

ಮೊದಲ ಪ್ರಶ್ನೆ: ರಕ್ತ ಸೂಚರ್ ಗೆರೆಯಲ್ಲಿ ನಿಂತಿದೆಯಾ, ದಾಟಿದೆಯಾ? ಎರಡನೆಯದು: ಅದು ನಡುವಿನ ಫಾಲ್ಕ್ಸ್‌ನಲ್ಲಿ ನಿಂತಿದೆಯಾ, ದಾಟಿದೆಯಾ?

ಮೂಳೆ ಮತ್ತು ಡ್ಯೂರಾ ನಡುವೆ ಮಾಮೂಲಿಯಾಗಿ ಜಾಗವೇ ಇಲ್ಲ. ರಕ್ತ ಡ್ಯೂರಾವನ್ನು ಮೂಳೆಯಿಂದ ಸುಲಿದು ತನಗೆ ಜಾಗ ಮಾಡಿಕೊಳ್ಳಬೇಕು. ಸೂಚರ್ ಬಂದ ಕಡೆ ಸುಲಿಯಲು ಆಗುವುದಿಲ್ಲ. ಅಗಲಕ್ಕೆ ಹೋಗಲಾರದ ರಕ್ತ ಒಳಕ್ಕೆ ಉಬ್ಬುತ್ತದೆ. ಹಾಗಾಗಿ ಎರಡೂ ಕಡೆ ಉಬ್ಬಿದ ಮಸೂರದ, ಅಂದರೆ ಲೆನ್ಸಿನ ಆಕಾರ ಬರುತ್ತದೆ. ರಿಪೋರ್ಟ್‌ನಲ್ಲಿ ಬೈಕಾನ್ವೆಕ್ಸ್ ಎಂದು ಇರುತ್ತದೆ. ಇದು ಎಕ್ಸ್‌ಟ್ರಾಡ್ಯೂರಲ್ ಹೆಮಟೋಮಾ, ಇಡಿಎಚ್. ಎಪಿಡ್ಯೂರಲ್ ಎಂದರೂ ಇದೇ.

ಡ್ಯೂರಾ ಮತ್ತು ಅರಾಕ್ನಾಯ್ಡ್ ನಡುವೆ ರಕ್ತ ಇಳಿದರೆ ಕಥೆ ಬೇರೆ. ಅಲ್ಲಿನ ಜೀವಕೋಶಗಳ ಹಿಡಿತ ತುಂಬಾ ಸಡಿಲ. ಸೂಚರ್‌ನ ಹೊಲಿಗೆ ಆಚೆ ಕಡೆಯ ಪದರಕ್ಕೆ ಸೇರಿದ್ದು, ಇಲ್ಲಿಗೆ ಅದರ ತಡೆ ಇಲ್ಲ. ರಕ್ತ ಮಿದುಳಿನ ಒಂದು ಬದಿಯ ಉದ್ದಕ್ಕೂ ತೆಳುವಾಗಿ ಹರಡಿ ಬಿದಿಗೆ ಚಂದ್ರನ ಆಕಾರ ಪಡೆಯುತ್ತದೆ. ಆದರೆ ಫಾಲ್ಕ್ಸ್ ಡ್ಯೂರಾದ್ದೇ ಮಡಿಕೆ ತಾನೆ? ಅದು ಗೋಡೆಯ ಹಾಗೆ ಎದುರು ನಿಲ್ಲುತ್ತದೆ. ರಕ್ತ ಅದರ ಗುಂಟ ಒಳಕ್ಕೆ ಇಳಿಯಬಹುದು, ಆಚೆ ದಾಟುವುದಿಲ್ಲ. ಇದು ಸಬ್‌ಡ್ಯೂರಲ್ ಹೆಮಟೋಮಾ, ಎಸ್‌ಡಿಎಚ್.

ಇಡಿಎಚ್‌ಗೆ ಫಾಲ್ಕ್ಸ್ ಅಡ್ಡ ಬರುವುದಿಲ್ಲ, ಯಾಕೆಂದರೆ ರಕ್ತ ಆ ಮಡಿಕೆಯ ಹೊರಗಿದೆ. ಹಣೆಯ ಭಾಗದಲ್ಲಿ ಇಡಿಎಚ್ ಎಡದಿಂದ ಬಲಕ್ಕೆ ದಾಟಿರುವುದನ್ನು ಕಾಣಬಹುದು. ಮಗುವಾಗಿದ್ದಾಗ ಹಣೆಯ ನಡುವೆ ಇದ್ದ ಸೂಚರ್ ಬಾಲ್ಯದಲ್ಲೇ ಮುಚ್ಚಿಹೋಗಿರುತ್ತದೆ, ಹೊಲಿಗೆಯೇ ಉಳಿದಿಲ್ಲ.

ಮೂರನೆಯ ಜಾಗ ಅರಾಕ್ನಾಯ್ಡ್‌ನ ಕೆಳಗೆ, ಮಿದುಳಿನ ನೀರಿರುವಲ್ಲಿ. ಅಲ್ಲಿ ರಕ್ತ ಗುಡ್ಡೆ ಕಟ್ಟುವುದಿಲ್ಲ, ನೀರಿನಲ್ಲಿ ಬೆರೆತು ಮಡಿಕೆಗಳ ಸಂದಿಯಲ್ಲಿ ಬಿಳಿ ಗೆರೆಗಳಾಗಿ ಕಾಣುತ್ತದೆ. ಇದು ಸಬ್‌ಅರಾಕ್ನಾಯ್ಡ್ ಹೆಮರೇಜ್, ಎಸ್‌ಎಎಚ್. ಇದನ್ನು ಹುಡುಕಿ ನೋಡಿದಾಗ ರಕ್ತನಾಳ ಉಬ್ಬಿ ಒಡೆದಿದೆ ಎಂದು ಓದಿ ಗಾಬರಿಯಾಗುವವರಿದ್ದಾರೆ. ಎಸ್‌ಎಎಚ್‌ಗೆ ಅತಿ ಸಾಮಾನ್ಯ ಕಾರಣ ಪೆಟ್ಟೇ. ಆದರೂ ಒಂದು ಮಾತು: ತಲೆ ಸಿಡಿಯುವಂಥ ನೋವು ಬಂದು ಆಮೇಲೆ ಬಿದ್ದರೋ, ಬಿದ್ದ ಮೇಲೆ ನೋವು ಬಂತೋ ಎಂಬುದನ್ನು ನೆನಪು ಮಾಡಿಕೊಂಡು ವೈದ್ಯರಿಗೆ ಹೇಳಿ. ನಾಳ ಒಡೆದೇ ಬಿದ್ದವರೂ ಇರುತ್ತಾರೆ.

*ಇಲ್ಲಿ ಎಡವುವುದು:* ಆಕಾರದ ನಿಯಮಗಳಿಗೆ ಬಿರುಕು ಬಿದ್ದ ಮೂಳೆ ಗೊತ್ತಿಲ್ಲ. ಬಿರುಕು ಸೂಚರ್ ಅನ್ನೇ ದಾಟಿ ಹೋಗಿದ್ದರೆ ಹೊಲಿಗೆ ಬಿಚ್ಚಿದ ಹಾಗೆ, ಇಡಿಎಚ್ ಕೂಡ ದಾಟುತ್ತದೆ. ಮಕ್ಕಳಲ್ಲಿ ಇದು ಜಾಸ್ತಿ. ಒಬ್ಬರ ತಲೆಯಲ್ಲೇ ಎರಡು ಮೂರು ಬಗೆಯ ರಕ್ತಸ್ರಾವ ಒಟ್ಟಿಗೆ ಇರುವುದೂ ಸಾಮಾನ್ಯ.

ಹಂತ 4: ರಕ್ತ ಎಲ್ಲಿಂದ ಬಂತು?

ಜಾಗ ಗೊತ್ತಾದರೆ ಮೂಲ ಹೆಚ್ಚುಕಡಿಮೆ ಗೊತ್ತಾದ ಹಾಗೆಯೇ.

ಇಡಿಎಚ್‌ನಲ್ಲಿ ಹೆಚ್ಚಿನ ಸಲ ಅಪಧಮನಿ. ಕಿವಿಯ ಮುಂದೆ, ಕಣ್ಣಿನ ಪಕ್ಕದ ಕಪಾಲದ ಮೂಳೆ ತೆಳು. ಅದರ ಒಳಮೈಗೆ ಅಂಟಿಕೊಂಡು, ಮೂಳೆಯಲ್ಲೇ ಕೊರೆದ ಕಾಲುವೆಯಲ್ಲಿ ಮಿಡಲ್ ಮೆನಿಂಜಿಯಲ್ ಅಪಧಮನಿ ಹೋಗುತ್ತದೆ. ಮೂಳೆ ಬಿರಿದರೆ ಅದೂ ಹರಿಯುತ್ತದೆ. ಅಪಧಮನಿಯ ಒತ್ತಡ ಜಾಸ್ತಿ ಇರುವುದರಿಂದಲೇ ಡ್ಯೂರಾವನ್ನು ಸುಲಿಯಲು ಅದಕ್ಕೆ ಸಾಧ್ಯವಾಗುವುದು.

ಎಸ್‌ಡಿಎಚ್‌ನಲ್ಲಿ ಸಾಮಾನ್ಯವಾಗಿ ಅಭಿಧಮನಿ. ಮಿದುಳಿನ ಮೇಲ್ಮೈಯಿಂದ ಎದ್ದು ಅರಾಕ್ನಾಯ್ಡ್ ದಾಟಿ ಸಜೈಟಲ್ ಸೈನಸ್‌ಗೆ ಸೇರುವ ಸಣ್ಣ ಸಣ್ಣ ನಾಳಗಳಿವೆ. ಸೇತುವೆಯ ಹಾಗೆ ಇರುವುದರಿಂದ ಬ್ರಿಡ್ಜಿಂಗ್ ವೇಯ್ನ್ ಎನ್ನುತ್ತಾರೆ. ಅವುಗಳ ಒಂದು ತುದಿ ಅಲುಗಾಡುವ ಮಿದುಳಿನಲ್ಲಿ, ಇನ್ನೊಂದು ಬುರುಡೆಗೆ ಬಿಗಿದ ಡ್ಯೂರಾದಲ್ಲಿ. ತಲೆ ಝಾಡಿಸಿದಾಗ ಮಿದುಳು ಜರುಗುತ್ತದೆ, ಸೈನಸ್ ಜರುಗುವುದಿಲ್ಲ. ನಡುವೆ ಸಿಕ್ಕ ನಾಳ ಹರಿಯುತ್ತದೆ. ಅಷ್ಟು ಜೋರಾಗಿ ಝಾಡಿಸಿದ ತಲೆಯಲ್ಲಿ ಮಿದುಳೂ ಜಜ್ಜಿರುತ್ತದೆ. ಅದಕ್ಕೇ ಎಳೆಯರಲ್ಲಿ ದೊಡ್ಡ ಅಪಘಾತದ ನಂತರದ ಎಸ್‌ಡಿಎಚ್, ಅಷ್ಟೇ ದಪ್ಪದ ಇಡಿಎಚ್‌ಗಿಂತ ಕೆಟ್ಟದ್ದಾಗಿ ಮುಗಿಯುವುದು ಜಾಸ್ತಿ. ರಕ್ತ ತೆಗೆದರೂ ಜಜ್ಜಿದ ಮಿದುಳು ಉಳಿಯುತ್ತದೆ.

ಮೂರನೆಯ ಮೂಲವನ್ನು ವಿದ್ಯಾರ್ಥಿಗಳು ಮರೆತೇಬಿಡುತ್ತಾರೆ: ಸೈನಸ್ಸೇ ಹರಿಯುವುದು. ಹಿಂದಲೆಗೆ ಪೆಟ್ಟು ಬಿದ್ದು ಆಕ್ಸಿಪಿಟಲ್ ಮೂಳೆ ಬಿರಿದಿದೆ ಎನ್ನಿ. ಬಿರುಕು ಟ್ರಾನ್ಸ್‌ವರ್ಸ್ ಸೈನಸ್‌ನ ಮೇಲೆ ಹಾದುಹೋಗಿದೆ. ಆಗ ಬರುವ ಇಡಿಎಚ್‌ಗೆ ಒಂದು ಗುರುತು ಇದೆ. ಅದು ಟೆಂಟೋರಿಯಂನ ಮಟ್ಟಕ್ಕಿಂತ ಮೇಲೂ ಇರುತ್ತದೆ, ಕೆಳಗೂ ಇರುತ್ತದೆ. ಸಬ್‌ಡ್ಯೂರಲ್ ರಕ್ತ ಹಾಗೆ ಎರಡೂ ಮಹಡಿಗೆ ಹಬ್ಬಲಾರದು, ಟೆಂಟೋರಿಯಂ ತಡೆಯುತ್ತದೆ. ಹೀಗೆ ಮೇಲೆ ಕೆಳಗೆ ಎರಡೂ ಕಡೆ ಹಬ್ಬಿದ ಇಡಿಎಚ್ ಕಂಡರೆ ಸೈನಸ್ ಹರಿದಿರಬಹುದು ಎಂದು ತಿಳಿಯಬೇಕು.

ಸರ್ಜನ್‌ಗೆ ಇದು ಯಾಕೆ ಮುಖ್ಯ? ಸೈನಸ್‌ನ ಗೋಡೆ ಗಟ್ಟಿ ಡ್ಯೂರಾ. ಬೇರೆ ಅಭಿಧಮನಿಯ ಹಾಗೆ ಅದು ಮುದುಡಿಕೊಂಡು ರಕ್ತ ನಿಲ್ಲಿಸುವುದಿಲ್ಲ, ಬಾಯಿ ತೆರೆದೇ ಇರುತ್ತದೆ. ಮೂಳೆ ತೆಗೆದ ಕೂಡಲೇ ರಕ್ತ ನುಗ್ಗಬಹುದು. ತಲೆಯನ್ನು ಎದೆಗಿಂತ ಮೇಲೆ ಎತ್ತಿದ್ದರೆ ಗಾಳಿ ಒಳಕ್ಕೆ ಎಳೆದುಕೊಂಡು ಹೃದಯಕ್ಕೂ ಹೋಗಬಹುದು. ಸೈನಸ್‌ನ ಮೇಲೆ ಒಳಕ್ಕೆ ಕುಸಿದ ಮೂಳೆಯ ಚೂರನ್ನು ಕೆಲವೊಮ್ಮೆ ವೈದ್ಯರು ಹಾಗೇ ಬಿಡುವುದು ಇದಕ್ಕೇ, ಆ ಚೂರೇ ಬಿರಡೆಯಾಗಿ ಕೂತಿರಬಹುದು.

ಸೈನಸ್ ಹರಿಯದೆ ಅದರೊಳಗೆ ರಕ್ತ ಹೆಪ್ಪುಗಟ್ಟುವುದೂ ಉಂಟು. ಬಿರುಕು ಸೈನಸ್‌ನ ಮೇಲೆ ಹಾದಿದ್ದರೆ ವೈದ್ಯರು ಸಿಟಿ ವೀನೋಗ್ರಾಂ ಕೇಳಬಹುದು. ರಕ್ತನಾಳಕ್ಕೆ ಬಣ್ಣದ ಔಷಧಿ ಕೊಟ್ಟು ಸೈನಸ್ ತುಂಬುತ್ತಿದೆಯಾ ಎಂದು ನೋಡುವ ಸ್ಕ್ಯಾನ್ ಅದು. ಸುಮ್ನೆ ಇನ್ನೊಂದು ಬಿಲ್ ಎಂದುಕೊಳ್ಳಬೇಡಿ.

ಹಂತ 5: ಅಳತೆ ಹಾಕಿ

ಬುರುಡೆ ಹಿಗ್ಗುವುದಿಲ್ಲ. ಒಳಗೆ ಮಿದುಳು, ರಕ್ತ, ನೀರು, ಈ ಮೂರಕ್ಕೇ ಜಾಗ. ಹೊಸದಾಗಿ ಒಂದು ಸೇರಿದರೆ ಮೊದಲು ನೀರು, ಆಮೇಲೆ ಅಭಿಧಮನಿಯ ರಕ್ತ ಹೊರಗೆ ಸರಿದು ಜಾಗ ಬಿಡುತ್ತವೆ. ಅಲ್ಲಿಯವರೆಗೆ ಮನುಷ್ಯ ಮಾತಾಡುತ್ತಾ ಕೂತಿರುತ್ತಾನೆ. ಬಿಡಲು ಇನ್ನೇನೂ ಉಳಿಯದಾಗ ಸ್ವಲ್ಪ ರಕ್ತ ಸೇರಿದರೂ ಒತ್ತಡ ದಿಢೀರನೆ ಏರುತ್ತದೆ. ಇದನ್ನು ಒಂದು ಉದಾಹರಣೆಯಲ್ಲಿ ನೋಡೋಣ. ವಿವರಗಳನ್ನು ವಿವರಿಸಲೆಂದೇ ಜೋಡಿಸಿದ್ದೇನೆ.

19 ವರ್ಷದ ಹುಡುಗ. ಭಾನುವಾರ ಬೆಳಗ್ಗೆ 11ಕ್ಕೆ ಕ್ರಿಕೆಟ್ ಆಡುವಾಗ ಲೆದರ್ ಬಾಲ್ ಎಡ ಕಪಾಲಕ್ಕೆ ಬಡಿಯಿತು. ಹೆಲ್ಮೆಟ್ ಇರಲಿಲ್ಲ. ಒಂದು ನಿಮಿಷ ಎಚ್ಚರ ತಪ್ಪಿತು, ಎದ್ದು ನೀರು ಕುಡಿದ, ನಡೆದೇ ಮನೆಗೆ ಬಂದ. ಮಧ್ಯಾಹ್ನ 1ಕ್ಕೆ ತಲೆನೋವು. 2ಕ್ಕೆ ಎರಡು ಸಲ ವಾಂತಿ. 3ಕ್ಕೆ ಕರೆದರೆ ಮಾತ್ರ ಕಣ್ಣು ಬಿಡುತ್ತಿದ್ದ. ನಡುವಿನ ಆ ಎರಡು ಗಂಟೆಯ ಚೆನ್ನಾಗಿದ್ದ ಹೊತ್ತಿಗೆ ಲೂಸಿಡ್ ಇಂಟರ್ವಲ್ ಎನ್ನುತ್ತಾರೆ. ಇಡಿಎಚ್ ಆದ ಎಲ್ಲರಿಗೂ ಅದು ಬರುವುದಿಲ್ಲ. ಬಂದಾಗ ಮನೆಯವರನ್ನು ಮೋಸ ಮಾಡುವುದು ಇದೇ.

3:40ಕ್ಕೆ ಸಿಟಿ. ಎಡ ಕಪಾಲದ ಮೂಳೆಯಲ್ಲಿ ಬಿರುಕು, ಅದರ ಕೆಳಗೆ ಬಿಳಿ ಮಸೂರ. ರಿಪೋರ್ಟ್‌ನಲ್ಲಿ ಮೂರು ಅಳತೆ ಕೊಟ್ಟಿದ್ದಾರೆ: ಉದ್ದ 6 ಸೆಂ.ಮೀ., ದಪ್ಪ 2.4 ಸೆಂ.ಮೀ., ಎತ್ತರ 5 ಸೆಂ.ಮೀ. ಇದರಿಂದ ರಕ್ತದ ಪ್ರಮಾಣ ಹೀಗೆ ಅಂದಾಜು ಮಾಡುತ್ತಾರೆ:

```
A × B × C ÷ 2
6 × 2.4 × 5 ÷ 2 = 36
```

ಅಂದರೆ ಸುಮಾರು 36 ಮಿ.ಲೀ. ಎರಡೂವರೆ ಟೇಬಲ್ ಸ್ಪೂನಿಗಿಂತ ಕೊಂಚ ಕಡಿಮೆ. ಇಷ್ಟೇ ಇಷ್ಟು. ಮಿಡ್‌ಲೈನ್ ಶಿಫ್ಟ್ 7 ಮಿ.ಮೀ. ಎಂದೂ ಇದೆ. ಮಿದುಳಿನ ನಡುಗೆರೆ ಬಲಕ್ಕೆ 7 ಮಿ.ಮೀ. ಸರಿದಿದೆ ಎಂದರ್ಥ.

2006ರಲ್ಲಿ ಬಂದ, ಇಂದಿಗೂ ನ್ಯೂರೋಸರ್ಜನ್‌ಗಳು ಬಳಸುವ ಮಾರ್ಗಸೂಚಿಯ ಪ್ರಕಾರ 30 ಮಿ.ಲೀ. ಮೀರಿದ ಇಡಿಎಚ್ ಅನ್ನು, ರೋಗಿ ಎಷ್ಟೇ ಎಚ್ಚರವಾಗಿದ್ದರೂ, ತೆಗೆಯಬೇಕು. 30ಕ್ಕಿಂತ ಕಡಿಮೆ, ದಪ್ಪ 15 ಮಿ.ಮೀ.ಗಿಂತ ಕಡಿಮೆ, ಶಿಫ್ಟ್ 5 ಮಿ.ಮೀ.ಗಿಂತ ಕಡಿಮೆ, ಎಚ್ಚರವೂ ಚೆನ್ನಾಗಿದ್ದು ಕೈಕಾಲು ಸೋತಿಲ್ಲ ಎಂದಾದರೆ, ಮತ್ತೆ ಮತ್ತೆ ಸಿಟಿ ತೆಗೆಯುತ್ತಾ ಕಾಯಬಹುದು. ಹೊಸ ಎಸ್‌ಡಿಎಚ್‌ಗೆ ಲೆಕ್ಕ ಬೇರೆ: ದಪ್ಪ 10 ಮಿ.ಮೀ. ಅಥವಾ ಶಿಫ್ಟ್ 5 ಮಿ.ಮೀ. ಮೀರಿದರೆ ತೆಗೆಯಬೇಕು. ಪಕ್ಕದ ಬೆಡ್‌ನವರಿಗೆ ಆಪರೇಷನ್, ನಿಮ್ಮವರಿಗೆ ಕಾಯುವುದು ಎನ್ನುವುದಕ್ಕೆ ಕಾರಣ ಇಲ್ಲಿದೆ. ಅಂಕಿಗಳ ಜೊತೆ ವಯಸ್ಸು, ರಕ್ತದ ಜಾಗ, ಎಚ್ಚರದ ಮಟ್ಟ ಎಲ್ಲ ಸೇರಿಸಿ ಸರ್ಜನ್ ತೀರ್ಮಾನಿಸುತ್ತಾರೆ, ಆ ಕೆಲಸ ನಮ್ಮದಲ್ಲ.

ಆ ಹುಡುಗನ ಎಡಗಣ್ಣಿನ ಪಾಪೆ ದೊಡ್ಡದಾಗತೊಡಗಿತ್ತು. ಉಬ್ಬಿದ ಕಡೆಯ ಮಿದುಳಿನ ಅಂಚು ಟೆಂಟೋರಿಯಂನ ಕಿಂಡಿಯಲ್ಲಿ ಜಾರಿ ಪಾಪೆಯ ನರವನ್ನು ಒತ್ತಿದಾಗ ಹೀಗಾಗುತ್ತದೆ. ಅವನನ್ನು ನೇರವಾಗಿ ಆಪರೇಷನ್‌ಗೆ ಕರೆದೊಯ್ದರು. ಮೂಳೆ ತೆಗೆದು, ಹೆಪ್ಪನ್ನು ತೆಗೆದು, ಅಪಧಮನಿಯನ್ನು ಸುಟ್ಟು ಮುಚ್ಚಿದರು. ಕೊನೆಗೆ ಸುತ್ತಲೂ ಡ್ಯೂರಾವನ್ನು ಮೂಳೆಯ ಅಂಚಿಗೆ ಹೊಲಿದರು. ಸುಲಿದ ಡ್ಯೂರಾ ಸಡಿಲವಾಗಿ ಬಿಟ್ಟರೆ ಆ ಸಂದಿಯಲ್ಲಿ ಮತ್ತೆ ರಕ್ತ ಸೇರುತ್ತದೆ. ಕೌದಿಗೆ ಹೊಸ ಹೊಲಿಗೆ ಹಾಕಿದ ಹಾಗೆ.

*ಇಲ್ಲಿ ಎಡವುವುದು:* ಪೆಟ್ಟಾಗಿ ಅರ್ಧ ಗಂಟೆಗೇ ತೆಗೆದ ಸಿಟಿಯಲ್ಲಿ ರಕ್ತ ಚಿಕ್ಕದಿದೆ ಎಂದರೆ ಅದು ಆ ಹೊತ್ತಿನ ಲೆಕ್ಕ. ಇನ್ನೂ ಬೆಳೆಯಬಹುದು. ಬಿಳಿ ಹೆಪ್ಪಿನೊಳಗೆ ಕಪ್ಪು ಸುಳಿಗಳಿವೆ ಎಂದು, ಅಂದರೆ ಸ್ವರ್ಲ್ ಸೈನ್ ಎಂದು ಬರೆದಿದ್ದರೆ, ಇನ್ನೂ ಹೆಪ್ಪಾಗದ ರಕ್ತ ಒಳಗೆ ಸೇರುತ್ತಿರಬಹುದು. ಆ ಪದ ಕಂಡರೆ ಡ್ಯೂಟಿ ಡಾಕ್ಟರ್ ಗಮನಕ್ಕೆ ಬಂದಿದೆಯಾ ಎಂದು ಕೇಳಿ.

ಹಂತ 6: ಬಣ್ಣದಿಂದ ರಕ್ತದ ವಯಸ್ಸು ತಿಳಿಯಿರಿ

ಹೊಸ ರಕ್ತ ಬಿಳಿ. ದಿನ ಕಳೆದಂತೆ ಹೆಪ್ಪು ಕರಗುತ್ತಾ ಮಂಕಾಗುತ್ತದೆ. ಸುಮಾರು ಒಂದರಿಂದ ಮೂರು ವಾರದ ನಡುವೆ ಮಿದುಳಿನದೇ ಬಣ್ಣಕ್ಕೆ ಬರುತ್ತದೆ. ಮೂರು ವಾರ ದಾಟಿದರೆ ಮಿದುಳಿಗಿಂತ ಕಪ್ಪು. ಇದನ್ನು ಕ್ರಾನಿಕ್ ಎಸ್‌ಡಿಎಚ್ ಎನ್ನುತ್ತಾರೆ, ಹಳೆಯ ಸಬ್‌ಡ್ಯೂರಲ್.

ಮನೆಯಲ್ಲಿ ಅಜ್ಜ ಅಜ್ಜಿ ಇರುವವರು ಇದನ್ನು ನಿಧಾನವಾಗಿ ಓದಿ. ವಯಸ್ಸಾದಂತೆ ಮಿದುಳು ಕುಗ್ಗುತ್ತದೆ, ಬುರುಡೆ ಕುಗ್ಗುವುದಿಲ್ಲ. ನಡುವಿನ ಅಂತರ ಹೆಚ್ಚಿ ಆ ಸೇತುವೆ ನಾಳಗಳು ಮೊದಲೇ ಎಳೆದು ನಿಂತಿರುತ್ತವೆ. ಬಚ್ಚಲಲ್ಲಿ ಜಾರಿ ತಲೆ ತಗಲಿದ ಸಣ್ಣ ಪೆಟ್ಟು ಸಾಕು. ರಕ್ತ ನಿಧಾನವಾಗಿ ಒಸರುತ್ತದೆ, ಒಳಗೆ ಜಾಗ ಇರುವುದರಿಂದ ಏನೂ ಕಾಣುವುದಿಲ್ಲ. ಆಮೇಲೆ ರಕ್ತದ ಸುತ್ತ ಹೊಸ ತೆಳು ಪೊರೆ ಬೆಳೆಯುತ್ತದೆ. ಅದರ ಸಣ್ಣ ನಾಳಗಳು ತಾವೇ ಸೋರಿ ರಕ್ತವನ್ನು ಇನ್ನಷ್ಟು ಹೆಚ್ಚಿಸುತ್ತವೆ. ವಾರಗಳ ನಂತರ ಅಜ್ಜಿ ಮಂಕಾಗಿ ಕೂರುತ್ತಾರೆ, ನಡಿಗೆ ತಡವರಿಸುತ್ತದೆ, ಒಂದು ಚಪ್ಪಲಿ ಕಾಲಿನಿಂದ ಜಾರಿದ್ದೇ ಗೊತ್ತಾಗುವುದಿಲ್ಲ. ಮನೆಯವರು "ಅರಳುಮರಳು" ಎನ್ನುತ್ತಾರೆ. ಬಿದ್ದ ಸಂಗತಿ ಎಲ್ಲರಿಗೂ ಮರೆತಿರುತ್ತದೆ. ಕೆಲವೇ ವಾರಗಳಲ್ಲಿ ಹೀಗೆ ಬದಲಾದವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರಂತೂ, ಒಂದು ಸಿಟಿ ಮಾಡಿಸಲೇಬೇಕು ಎಂದು ನಾನು ಹೇಳುತ್ತೇನೆ. ಹಳೆಯ ರಕ್ತ ನೀರಾಗಿರುವುದರಿಂದ ಬುರುಡೆಗೆ ಒಂದೆರಡು ಸಣ್ಣ ರಂಧ್ರ ಮಾಡಿ ಬಸಿಯಬಹುದು, ಬಹಳ ಜನ ಚೆನ್ನಾಗಿ ಸುಧಾರಿಸುತ್ತಾರೆ. ಮತ್ತೆ ಸೇರುವುದೂ ಇದೆ. ಹಾಗಾಗದಿರಲಿ ಎಂದೇ ಒಂದೆರಡು ದಿನ ಟ್ಯೂಬ್ ಬಿಟ್ಟಿರುತ್ತಾರೆ.

*ಇಲ್ಲಿ ಎಡವುವುದು, ಮೂರು ಕಡೆ:* ಎರಡನೇ ವಾರದ ರಕ್ತ ಮಿದುಳಿನದೇ ಬಣ್ಣದಲ್ಲಿದ್ದಾಗ ಕಣ್ಣಿಗೆ ಬೀಳುವುದಿಲ್ಲ. ಮಿದುಳಿನ ಮಡಿಕೆಗಳು ಬುರುಡೆಯವರೆಗೆ ಮುಟ್ಟದೆ ಒಳಗೇ ನಿಂತಿವೆಯಾ ಎಂಬುದರಿಂದ ರೇಡಿಯಾಲಜಿಸ್ಟ್ ಪತ್ತೆ ಮಾಡುತ್ತಾರೆ. ಎರಡನೆಯದು, ಎಡಕ್ಕೂ ಬಲಕ್ಕೂ ಸಮನಾಗಿ ರಕ್ತ ಇದ್ದರೆ ಎರಡು ಕಡೆಯಿಂದಲೂ ಒತ್ತಿ ನಡುಗೆರೆ ಮಧ್ಯದಲ್ಲೇ ಇರುತ್ತದೆ. "ಶಿಫ್ಟ್ ಇಲ್ಲ" ಎಂದ ಮಾತ್ರಕ್ಕೆ ಒತ್ತಡ ಇಲ್ಲ ಎಂದಲ್ಲ. ಮೂರನೆಯದು, ರಕ್ತ ಬಿಳಿ ಕಾಣುವುದು ಅದರ ಹಿಮೋಗ್ಲೋಬಿನ್‌ನಿಂದ. ತೀರಾ ರಕ್ತಹೀನತೆ ಇರುವವರಲ್ಲಿ ಹೊಸ ರಕ್ತವೂ ಬೂದಾಗಿ ಕಾಣಬಹುದು. ಹಿಮೋಗ್ಲೋಬಿನ್ ಕಡಿಮೆ ಇದ್ದದ್ದು ಗೊತ್ತಿದ್ದರೆ ಸ್ಕ್ಯಾನ್ ಮಾಡುವವರಿಗೆ ಮೊದಲೇ ಹೇಳಿ.

ಹಂತ 7: ರೌಂಡ್ಸ್‌ಗೆ ಬಂದಾಗ ಕೇಳಬೇಕಾದ್ದು

ವೈದ್ಯರಿಗೆ ಸಿಗುವುದು ಎರಡು ನಿಮಿಷ. ಹಾಗಾಗಿ ಪ್ರಶ್ನೆ ಚಿಕ್ಕದಿರಲಿ. ರಕ್ತ ಯಾವ ಪದರದಲ್ಲಿದೆ? ದಪ್ಪ ಎಷ್ಟು, ಶಿಫ್ಟ್ ಎಷ್ಟು? ಬಿರುಕು ಸೈನಸ್‌ನ ಮೇಲೆ ಹಾದಿದೆಯಾ? ಮುಂದಿನ ಸಿಟಿ ಯಾವಾಗ, ಅಥವಾ ಏನು ಕಂಡರೆ ಕೂಡಲೇ? ನಿಲ್ಲಿಸಿದ ಮಾತ್ರೆಯನ್ನು ಮತ್ತೆ ಯಾವಾಗ ಶುರು ಮಾಡಬೇಕು? ಈ ಕೊನೆಯ ಪ್ರಶ್ನೆಯನ್ನು ಹೃದಯದ ಡಾಕ್ಟರಿಗೂ ಕೇಳಿ, ಇಬ್ಬರ ಉತ್ತರ ಸೇರಬೇಕು. ನೀವಾಗಿ ನಿಲ್ಲಿಸಬೇಡಿ, ನೀವಾಗಿ ಶುರುವೂ ಮಾಡಬೇಡಿ.

ಎಚ್ಚರದ ಮಟ್ಟವನ್ನು ಜಿಸಿಎಸ್ ಎಂಬ ಅಂಕದಲ್ಲಿ ಬರೆಯುತ್ತಾರೆ. ಗ್ಲಾಸ್ಗೋ ನಗರದಲ್ಲಿ 1974ರಲ್ಲಿ ರೂಪಿಸಿದ ಅಳತೆ ಅದು. ಕಣ್ಣು, ಮಾತು, ಕೈಕಾಲಿನ ಚಲನೆ ಸೇರಿಸಿ 3ರಿಂದ 15. ಒಂದು ಸಲದ ಅಂಕಕ್ಕಿಂತ ಅದು ಇಳಿಯುತ್ತಿದೆಯಾ ಎನ್ನುವುದು ಮುಖ್ಯ. ಬೆಳಗ್ಗೆ 15 ಇದ್ದದ್ದು ಮಧ್ಯಾಹ್ನ 13 ಆದರೆ ನರ್ಸ್ ಅಕ್ಕನಿಗೆ ಆಗಲೇ ತಿಳಿಸಿ, ಸಂಜೆಯ ರೌಂಡ್ಸ್‌ವರೆಗೆ ಕಾಯಬೇಡಿ. ನಿದ್ದೆ ಮಾಡುತ್ತಿದ್ದಾರೆ ಎಂದು ಬಿಡದೆ, ಹೇಳಿದ ಗಂಟೆಗೊಮ್ಮೆ ಎಬ್ಬಿಸಿ ಮಾತಾಡಿಸಿ.

ನೋವಿಗೆ ಅಂತ ಮನೆಯಲ್ಲಿರುವ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ರಕ್ತ ಹೆಪ್ಪಾಗುವುದಕ್ಕೆ ಅಡ್ಡಿ ಮಾಡುತ್ತವೆ. ನಿದ್ದೆ ಮಾತ್ರೆಯೂ ಬೇಡ, ಮಾತ್ರೆಯ ಮಂಪರು ಯಾವುದು, ಒತ್ತಡದ ಮಂಪರು ಯಾವುದು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಡಿಸ್ಚಾರ್ಜ್ ಆಗುವಾಗ ಮೊದಲ ಸಿಟಿಯ ಸಿಡಿಯನ್ನೂ ಕೊನೆಯದನ್ನೂ ಕೇಳಿ ಪಡೆಯಿರಿ. ಇನ್ನೊಂದು ಊರಿನ ಆಸ್ಪತ್ರೆಗೆ ರಾತ್ರಿ ಹೋಗಬೇಕಾಗಿ ಬಂದರೆ ಅಲ್ಲಿನ ವೈದ್ಯರು ಮೊದಲು ಕೇಳುವುದು, ರಕ್ತ ಹೋದ ಸಲ ಎಷ್ಟಿತ್ತು ಎಂದು.